ಒಂದೇ ಅಳತೆಗೆ ತಂದಾಗ ಕಂಡ ಕೊರತೆ: ಗಡಿನಾಡಿನ ಹಾಲು ಸಂಘವೊಂದರ ಪ್ರಕರಣ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಗ್ರಾಮದ ಕ್ಷೀರೋತ್ಪಾದಕ ಸಹಕಾರ ಸಂಘದಲ್ಲಿ ನಡೆದ ಸಂಗತಿಯಿದು. ಸಂಘದ ಹೆಸರನ್ನಾಗಲಿ ವ್ಯಕ್ತಿಗಳ ಹೆಸರನ್ನಾಗಲಿ ಇಲ್ಲಿ ಕೊಟ್ಟಿಲ್ಲ. ಹಾಲಿನ ಅಂಕಿಗಳನ್ನು ಅವುಗಳ ಪರಸ್ಪರ ಪ್ರಮಾಣ ಕೆಡದಂತೆ ಸ್ವಲ್ಪ ಬದಲಿಸಲಾಗಿದೆ. ಸಂಘಗಳ ಲೆಕ್ಕಪತ್ರ ಬರೆಯುವವರಿಗೆ ಉಪಯೋಗವಾಗಬಹುದೆಂದು ಕಾರ್ಯದರ್ಶಿಯವರ ಒಪ್ಪಿಗೆ ಪಡೆದು ಇದನ್ನು ದಾಖಲಿಸುತ್ತಿದ್ದೇನೆ.

ಹಿನ್ನೆಲೆ

ಅಡಿಕೆ ತೋಟಗಳ ನಡುವಿನ ಈ ಸಂಘಕ್ಕೆ ಬೆಳಿಗ್ಗೆ ಅರುವತ್ತರಷ್ಟು ಮತ್ತು ಸಂಜೆ ಐವತ್ತರಷ್ಟು ಮನೆಗಳಿಂದ ಹಾಲು ಬರುತ್ತದೆ. ಹೆಚ್ಚಿನವರು ಮಿಶ್ರತಳಿಯ ಒಂದೆರಡು ಹಸುಗಳನ್ನು ಸಾಕಿದವರು. ಊರ ಕುಳ್ಳ ತಳಿಯ ಹಸುವನ್ನೇ ಉಳಿಸಿಕೊಂಡು ಅರ್ಧ ಲೀಟರು, ಮುಕ್ಕಾಲು ಲೀಟರು ಹಿಡಿದುಕೊಂಡು ಬರುವವರೂ ಕೆಲವರಿದ್ದಾರೆ. ಬಂದ ಹಾಲನ್ನು ವಿದ್ಯುನ್ಮಾನ ತೂಕದ ಯಂತ್ರದ ಮೇಲಿಟ್ಟ ಪಾತ್ರೆಗೆ ಸುರಿಯುತ್ತಾರೆ. ಯಂತ್ರವು ತೂಗುವುದು ಕಿಲೋದಲ್ಲಾದರೂ ಸದಸ್ಯರ ಕಡೆಗಿರುವ ಪರದೆಯಲ್ಲಿ ಲೀಟರ್ ತೋರಿಸುವಂತೆ ಅದನ್ನು ಹೊಂದಿಸಲಾಗಿದೆ, ಏಕೆಂದರೆ ಪಾಸ್‌ಬುಕ್ಕು, ದರಪಟ್ಟಿ, ಪಂಚಾಯತಿನ ಸಬ್ಸಿಡಿ ಎಲ್ಲವೂ ಇಲ್ಲಿ ಲೀಟರಿನ ಲೆಕ್ಕದಲ್ಲೇ ನಡೆಯುತ್ತವೆ. ಪ್ರತಿಯೊಬ್ಬರ ಹಾಲಿನಿಂದ ಪರೀಕ್ಷೆಗೆಂದು ಸ್ವಲ್ಪ ಮಾದರಿ ತೆಗೆದ ಬಳಿಕ ಉಳಿದದ್ದು 40 ಲೀಟರಿನ ಕ್ಯಾನುಗಳಿಗೆ ಹೋಗುತ್ತದೆ. ದಿನಕ್ಕೆ 70 ಲೀಟರಿನಷ್ಟನ್ನು ಸಂಘದ ಕಟ್ಟೆಯಲ್ಲೇ, ಮುದ್ರೆಯೊತ್ತಿದ ಸ್ಟೀಲಿನ ಅಳತೆ ಪಾತ್ರೆಯಲ್ಲಿ ಅಳೆದು ಊರವರಿಗೆ ಮಾರುತ್ತಾರೆ. ಮಿಕ್ಕ ಹಾಲು ಎರಡು ಹೊತ್ತೂ ಬರುವ ವಾಹನದಲ್ಲಿ ಒಕ್ಕೂಟದ ಡೈರಿಗೆ ಹೋಗುತ್ತದೆ. ಅಲ್ಲಿ ಅದನ್ನು ತೂಗಿ, ಕಿಲೋದಲ್ಲಿ ಬರೆದ ಚೀಟಿಯನ್ನು ಮರುದಿನದ ವಾಹನದಲ್ಲಿ ಕಳುಹಿಸುತ್ತಾರೆ.

ಹೀಗೆ ಒಳಬರುವ ಹಾಲು ಲೀಟರಿನಲ್ಲಿಯೂ ಹೊರಹೋಗುವ ಹಾಲು ಕಿಲೋದಲ್ಲಿಯೂ ದಾಖಲಾಗುತ್ತಿತ್ತು. ಇದು ಹೊಸತೇನಲ್ಲ, ಅನೇಕ ಸಂಘಗಳಲ್ಲಿ ಹೀಗೇ ಇದೆ. ಒಂದು ಲೀಟರ್ ಹಾಲು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆಂಬುದು ಎಲ್ಲರಿಗೂ ಗೊತ್ತಿದ್ದರೂ ದೈನಂದಿನ ಹೋಲಿಕೆಯಲ್ಲಿ ಆ 'ಸ್ವಲ್ಪ'ವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಲೀಟರಿನ ಮೊತ್ತದಿಂದ ಸ್ಥಳೀಯ ಮಾರಾಟವನ್ನು ಕಳೆದು, ಉಳಿದ ಅಂಕಿಯ ಪಕ್ಕದಲ್ಲಿ ಡೈರಿಯ ಕಿಲೋವನ್ನು ಬರೆದು, ವ್ಯತ್ಯಾಸವನ್ನು 'ಹೆಚ್ಚು' ಅಥವಾ 'ಕಡಿಮೆ' ಎಂಬ ಕಲಮಿನಲ್ಲಿ ನಮೂದಿಸುವುದು ರೂಢಿಯಾಗಿತ್ತು.

ಹಿಂದಿನ ಕಾರ್ಯದರ್ಶಿ ಮೇ ತಿಂಗಳ ಕೊನೆಗೆ ನಿವೃತ್ತರಾದರು. ಅವರ ಕಾಲದಲ್ಲಿ ದಿನಕ್ಕೆ ಎಂಟೊಂಬತ್ತು 'ಹೆಚ್ಚು' ಬರುತ್ತಿತ್ತು. ಜೂನ್ ತಿಂಗಳಲ್ಲಿ ಅಧಿಕಾರ ವಹಿಸಿಕೊಂಡ ಹೊಸ ಕಾರ್ಯದರ್ಶಿಯ ಪುಸ್ತಕದಲ್ಲಿ ಬಹುಬೇಗನೆ ದಿನಕ್ಕೆ ಐದಾರು 'ಕಡಿಮೆ' ಬರತೊಡಗಿತು. ಒಟ್ಟು ಹಾಲಿನ ಶೇಕಡಾ ಒಂದರಷ್ಟಿದ್ದ ಈ ವ್ಯತ್ಯಾಸವನ್ನು ಸಾಗಾಟದ ನಷ್ಟವೆಂದು ಆಡಳಿತ ಸಮಿತಿ ಮಾನ್ಯ ಮಾಡಿತಾದರೂ, ಹಿಂದಿನವರ ಕೈಗುಣ ಹೊಸಬರಿಗಿಲ್ಲ ಎಂಬ ಮಾತು ಸಭೆಯ ಹೊರಗೆ ಹಬ್ಬಿತ್ತು.

ಕೊರತೆ ಕಂಡದ್ದು

ಮಾರ್ಚ್ ತಿಂಗಳ ಆರಂಭದಲ್ಲಿ, ಲೆಕ್ಕಪರಿಶೋಧನೆಗೆ ಮುಂಚಿತವಾಗಿ, ಸಂಗ್ರಹ ಮತ್ತು ವಿಲೇವಾರಿಯನ್ನು ಒಂದೇ ಅಳತೆಯಲ್ಲಿ ತೋರಿಸುವ ಪಟ್ಟಿಯೊಂದನ್ನು ಸಿದ್ಧಪಡಿಸಬೇಕೆಂದು ಕಾರ್ಯದರ್ಶಿಗೆ ಸೂಚನೆ ಬಂತು. ಅವರು ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಮೂರು ತಿಂಗಳ ಲೀಟರುಗಳನ್ನು ಕಿಲೋಗೆ ಪರಿವರ್ತಿಸಲು ಕುಳಿತರು. ಯಾವ ಅಂಕಿಯಿಂದ ಗುಣಿಸಬೇಕೆಂಬುದೇ ಮೊದಲ ತೀರ್ಮಾನವಾಗಿತ್ತು. ಸಂಘದ ಲ್ಯಾಕ್ಟೋಮೀಟರ್ ಪುಸ್ತಕದಲ್ಲಿ ಕ್ಯಾನಿನ ಮಿಶ್ರ ಹಾಲಿನ, ಉಷ್ಣತೆಗೆ ತಕ್ಕಂತೆ ತಿದ್ದಿದ ಅಂಕಿ ಹೆಚ್ಚಿನ ದಿನಗಳಲ್ಲಿ 28ರ ಆಸುಪಾಸಿನಲ್ಲಿತ್ತು. ಲ್ಯಾಕ್ಟೋಮೀಟರ್ 28 ಎಂದರೆ ಒಂದು ಲೀಟರ್ ಹಾಲಿನ ತೂಕ 1,028 ಗ್ರಾಂ ಎಂದರ್ಥ. ಆದುದರಿಂದ ಅವರು 1.028ನ್ನು ಆರಿಸಿಕೊಂಡರು. ಹೊರಗಿನಿಂದ ಬಂದ ಅಂಕಿಯನ್ನು ಬಳಸದೆ ತಮ್ಮದೇ ಹಾಲಿನ ಅಂಕಿಯನ್ನು ಬಳಸಿದ್ದು ಮುಂದೆ ಅವರ ಮಾತಿಗೆ ಬಲ ಕೊಟ್ಟಿತು.

ಜನವರಿ ತಿಂಗಳ ಒಂದು ದಿನದ ಲೆಕ್ಕ ಪಟ್ಟಿಯಲ್ಲಿ ಹೀಗಿತ್ತು:

| ವಿವರ | ಪುಸ್ತಕದಲ್ಲಿದ್ದಂತೆ | ಕಿಲೋಗೆ ತಂದಾಗ |
|---|---|---|
| ಸಂಗ್ರಹ | 550.0 ಲೀ. | 565.4 |
| ಸ್ಥಳೀಯ ಮಾರಾಟ | 70.0 ಲೀ. | 72.0 |
| ಡೈರಿಗೆ ಹೋಗಬೇಕಾದದ್ದು | 480.0 ಲೀ. | 493.4 |
| ಡೈರಿಯ ಚೀಟಿ | 474.2 ಕೆ.ಜಿ. | 474.2 |
| ಕಡಿಮೆ | 5.8 | 19.2 |

ಪರಿವರ್ತನೆಯ ಬಳಿಕ ಕೊರತೆ ಮೂರು ಪಟ್ಟಿಗಿಂತಲೂ ಹೆಚ್ಚಾಯಿತು. ಅದಕ್ಕಿಂತಲೂ ಅವರನ್ನು ಕಂಗೆಡಿಸಿದ್ದು ಕೊರತೆಯ ಸ್ಥಿರತೆ. ಮೂರು ತಿಂಗಳ ಯಾವ ದಿನವನ್ನು ತೆಗೆದು ನೋಡಿದರೂ ಅದು ಸಂಗ್ರಹದ ಶೇಕಡಾ 3.3 ಮತ್ತು 3.6ರ ನಡುವೆಯೇ ಇತ್ತು. ಭಾನುವಾರವಿರಲಿ, ಹಬ್ಬವಿರಲಿ, ವಾಹನದ ಚಾಲಕ ಬದಲಾದ ದಿನವಿರಲಿ, ವ್ಯತ್ಯಾಸವಿರಲಿಲ್ಲ.

ಪಟ್ಟಿಯನ್ನು ಅವರು ಮರೆಮಾಚದೆ ಅಧ್ಯಕ್ಷರ ಮುಂದಿಟ್ಟರು. ದಿನಕ್ಕೆ ಹತ್ತೊಂಬತ್ತು ಕಿಲೋ ಎಂದರೆ ಹೆಚ್ಚುಕಡಿಮೆ ಅರ್ಧ ಕ್ಯಾನು. "ಅರ್ಧ ಕ್ಯಾನು ಹಾಲು ದಿನಾ ಎಲ್ಲಿಗೆ ಹೋಗ್ತದೆ?" ಎಂದು ಅಧ್ಯಕ್ಷರು ಕೇಳಿದ ಪ್ರಶ್ನೆಗೆ ಅಂದು ಯಾರಲ್ಲೂ ಉತ್ತರವಿರಲಿಲ್ಲ.

ಮೊದಲ ಪ್ರಯತ್ನ ಮತ್ತು ಅದರಿಂದಾದ ಹಾನಿ

ಸಮಿತಿಯ ಸಂಶಯ ಸಹಜವಾಗಿಯೇ ಮೊದಲು ವಾಹನದ ಮೇಲೆ ಹೋಯಿತು. ಒಂದು ವಾರ ಪ್ರತಿಯೊಂದು ಕ್ಯಾನನ್ನೂ ಖಾಲಿ ಇರುವಾಗ ಮತ್ತು ತುಂಬಿದ ಮೇಲೆ ಸಂಘದ ಯಂತ್ರದಲ್ಲಿಯೇ ತೂಗಿ, ಮುಚ್ಚಳಕ್ಕೆ ತಂತಿಯ ಮೊಹರು ಹಾಕಿ, ನಿರ್ದೇಶಕರೊಬ್ಬರನ್ನು ವಾಹನದ ಹಿಂದೆಯೇ ಬೈಕಿನಲ್ಲಿ ಕಳುಹಿಸಿದರು. ಸಂಘದಿಂದ ಹೊರಟಾಗ ಯಂತ್ರ ತೋರಿಸಿದ್ದಕ್ಕೂ ಡೈರಿಯ ಚೀಟಿಗೂ ನಡುವೆ ದಿನಕ್ಕೆ ಒಂದು ಕಿಲೋ ಕೂಡ ವ್ಯತ್ಯಾಸ ಬರಲಿಲ್ಲ. ಒಂದು ದಿನ ಯಂತ್ರ 474.9 ತೋರಿಸಿತು, ಚೀಟಿಯಲ್ಲಿ 474.2 ಎಂದಿತ್ತು. ದಾರಿಯಲ್ಲಿ ಹಾಲು ಹೋಗುತ್ತಿಲ್ಲವೆಂದು ಎಲ್ಲರೂ ಒಪ್ಪಿದರು. ಹಾಗಾದರೆ ಹಾಲು ಹೋಗುವುದು ಸಂಘದ ಕಟ್ಟಡದೊಳಗೇ ಎಂಬ ತೀರ್ಮಾನಕ್ಕೂ ಅಂದೇ ಬಂದುಬಿಟ್ಟರು.

ಬೆಳಗಿನ ಹೊತ್ತು ಹಾಲು ಅಳೆಯುತ್ತಿದ್ದವರು ಸಂಘದಲ್ಲಿ ಬಹುಕಾಲದಿಂದ ಇದ್ದ ಹಿರಿಯ ನೌಕರರು. ಹಿಂದಿನ ಬೇಸಗೆಯಲ್ಲಿ ಅವರು ಮನೆಯ ಹಂಚು ತೆಗೆಸಿ ತಾರಸಿ ಹಾಕಿಸಿದ್ದರು. ಇಬ್ಬರು ನಿರ್ದೇಶಕರಿಗೆ ಅಷ್ಟು ಸಾಕಾಯಿತು. ಅವರನ್ನು ಅಮಾನತಿನಲ್ಲಿಡಬೇಕೆಂಬ ಸಲಹೆ ಬಂತು. ಕಾರ್ಯದರ್ಶಿ ಅದನ್ನು ನಿರ್ಣಯವಾಗಿ ಬರೆಯಲು ಒಪ್ಪಲಿಲ್ಲ. ಕೊನೆಗೆ, ವಿಚಾರಣೆ ಮುಗಿಯುವವರೆಗೆ ಅವರು ಯಂತ್ರದ ಬಳಿ ನಿಲ್ಲದೆ ಕ್ಯಾನು ತೊಳೆಯುವ ಕೆಲಸ ಮಾಡಲಿ ಎಂಬ ಮಧ್ಯದ ದಾರಿಯಾಯಿತು. ಲೆಕ್ಕದ ಪುಸ್ತಕದಲ್ಲಿ ಇದು ಒಂದು ಸಾಲೂ ಅಲ್ಲ. ಆದರೆ ಹಾಲು ಕೊಡಲು ಬರುವ ಅಷ್ಟೂ ಜನರ ಕಣ್ಣೆದುರು ನಡೆದದ್ದರಿಂದ ಈ ಪ್ರಕರಣದ ಅತಿ ದುಬಾರಿಯಾದ ನಿರ್ಧಾರ ಇದೇ ಎಂದು ನನ್ನ ಅಭಿಪ್ರಾಯ.

ಆ ನೌಕರರು ಜಗಳ ತೆಗೆಯಲಿಲ್ಲ. "ಸಂಜೆ ಅಳೆಯುವುದು ನಾನಲ್ಲ. ಸಂಜೆಯ ಲೆಕ್ಕವನ್ನೂ ಒಮ್ಮೆ ನೋಡಿ" ಎಂದಷ್ಟೇ ಹೇಳಿದರು.

ಪಟ್ಟಿಯನ್ನು ಬೇರೆ ಬಗೆಯಲ್ಲಿ ಓದಿದ್ದು

ಅವರ ಆ ಮಾತಿನಂತೆ ಕಾರ್ಯದರ್ಶಿ ಎರಡೂ ಹೊತ್ತಿನ ಹಾಲನ್ನು ಬೇರೆಬೇರೆಯಾಗಿ ಪರಿವರ್ತಿಸಿದರು. ಮೇಲೆ ಹೇಳಿದ ಜನವರಿಯ ದಿನದಲ್ಲಿ ಬೆಳಗಿನ ಕೊರತೆ ಸುಮಾರು 11.7 ಕಿಲೋ, ಸಂಜೆಯದು ಸುಮಾರು 7.6 ಕಿಲೋ. ಬೆಳಗಿನ ಸಂಗ್ರಹ ಸಂಜೆಯದಕ್ಕಿಂತ ಅಷ್ಟೇ ಪಾಲು ಹೆಚ್ಚಿದ್ದುದರಿಂದ ಎರಡರ ಶೇಕಡಾವಾರು ಹೆಚ್ಚುಕಡಿಮೆ ಒಂದೇ ಬಂತು. ಎರಡು ಹೊತ್ತು ಎರಡು ಬೇರೆ ಕೈಗಳು ಅಳೆಯುತ್ತಿರುವಾಗ ಇಬ್ಬರೂ ಒಂದೇ ಪ್ರಮಾಣದಲ್ಲಿ, ತಿಂಗಳುಗಟ್ಟಲೆ, ಒಂದು ದಿನವೂ ತಪ್ಪದೆ ಕದಿಯುವುದು ನಂಬತಕ್ಕ ಮಾತಲ್ಲ.

ಆಮೇಲೆ ಅವರು ಮಾಡಿದ್ದು ಬಹಳ ಸರಳವಾದ, ಆದರೆ ಹೆಚ್ಚಿನವರು ಮಾಡದಿರುವ ಕೆಲಸ. ದಿನಾಂಕದ ಕ್ರಮದಲ್ಲಿದ್ದ ಪಟ್ಟಿಯನ್ನು ಸಂಗ್ರಹದ ಪ್ರಮಾಣದ ಕ್ರಮದಲ್ಲಿ ಮರುಜೋಡಿಸಿದರು. ಇದಕ್ಕಾಗಿ ಹಸಿ ಹುಲ್ಲು ಧಾರಾಳವಾಗಿದ್ದ ಮಳೆಗಾಲದ ದಿನಗಳನ್ನೂ ಪರಿವರ್ತಿಸಿ ಸೇರಿಸಿಕೊಂಡರು. ಹಾಲು ತೀರ ಕಡಿಮೆಯಾದ, 420 ಲೀಟರಿನ ದಿನ ಕೊರತೆ 15.3 ಕಿಲೋ. ಹಾಲು ಹೆಚ್ಚಿದ್ದ, 640 ಲೀಟರಿನ ದಿನ 21.9 ಕಿಲೋ. ನಡುವಿನ ದಿನಗಳೆಲ್ಲ ಈ ಎರಡರ ನಡುವೆ ಕ್ರಮವಾಗಿ ಕುಳಿತವು. ನೂರು ಲೀಟರ್ ಹಾಲು ಹೆಚ್ಚಾದರೆ ಕೊರತೆ ಸುಮಾರು ಮೂರು ಕಿಲೋ ಏರುತ್ತಿತ್ತು. ಅದೇ ಗೆರೆಯನ್ನು ಹಿಂದಕ್ಕೆಳೆದರೆ, ಹಾಲು ಎಷ್ಟೇ ಕಡಿಮೆಯಾದರೂ ಎರಡೂವರೆ ಕಿಲೋಗಿಂತ ತುಸು ಹೆಚ್ಚು ಕೊರತೆ ಉಳಿಯುತ್ತದೆಂದು ಕಾಣುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕೊರತೆ ಯಾವುದರೊಂದಿಗೆ ಏರಿಳಿಯುತ್ತದೆ ಎಂಬುದೇ ಅದರ ಮೂಲವನ್ನು ಹೇಳುತ್ತದೆ. ಯಾರಾದರೂ ಹಾಲು ತೆಗೆಯುತ್ತಿದ್ದರೆ ಕೊರತೆ ಪಾತ್ರೆಯ ಲೆಕ್ಕದಲ್ಲಿರುತ್ತದೆ, ಅಂದರೆ ಐದು ಲೀಟರು, ಹತ್ತು ಲೀಟರು ಎಂಬಂತೆ. ಮತ್ತು ಅದು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಮಾದರಿ ತೆಗೆಯುವುದರಿಂದ ಬರುವ ಕೊರತೆ ಹಾಲು ಕೊಡುವವರ ಸಂಖ್ಯೆಯನ್ನು ಅನುಸರಿಸುತ್ತದೆ, ಹಾಲಿನ ಪ್ರಮಾಣವನ್ನಲ್ಲ. ಕ್ಯಾನಿನ ತಳದಲ್ಲಿ ಉಳಿಯುವ ಹಾಲು ಕ್ಯಾನುಗಳ ಸಂಖ್ಯೆಯನ್ನು ಅನುಸರಿಸುತ್ತದೆ. ಹಾಲಿನ ಒಟ್ಟು ಪ್ರಮಾಣಕ್ಕೆ ಸರಿಯಾಗಿ, ಗುಣಿಸಿದಂತೆ ಏರುವ ಕೊರತೆ ಬರುವುದು ಗುಣಿಸುವ ಅಥವಾ ಭಾಗಿಸುವ ಅಂಕಿಯೊಂದು ತಪ್ಪಿದಾಗ, ಇಲ್ಲವೆ ತೂಕದ ಯಂತ್ರವೇ ಒಂದೇ ಪ್ರಮಾಣದಲ್ಲಿ ತಪ್ಪು ತೋರಿಸಿದಾಗ.

ಯಂತ್ರದ ಮೇಲಿನ ಸಂಶಯವನ್ನು ಸಮಿತಿ ಆಗಲೇ ತಳ್ಳಿಹಾಕಿತ್ತು. ಯಂತ್ರಕ್ಕೆ ಆ ವರ್ಷದ ಲೀಗಲ್ ಮೆಟ್ರಾಲಜಿ ಮುದ್ರೆಯಿತ್ತು. ನಿರ್ದೇಶಕರೊಬ್ಬರು ರೇಷನ್ ಅಂಗಡಿಯಿಂದ ಮುದ್ರೆಯೊತ್ತಿದ 20 ಕಿಲೋದ ಕಬ್ಬಿಣದ ಬಟ್ಟು ತಂದು ಇಟ್ಟಾಗ ಯಂತ್ರ 20.00 ತೋರಿಸಿತ್ತು. ಇದಕ್ಕಿಂತ ಸರಿಯಾದ ಯಂತ್ರ ಬೇಕೆ ಎಂದು ಅವರು ಕೇಳಿದ್ದರು.

ತಿರುವು

ಕಾರ್ಯದರ್ಶಿಯ ಗಮನ ಮತ್ತೆ ಮೊಹರು ಹಾಕಿ ಕಳುಹಿಸಿದ ಕ್ಯಾನುಗಳ ಅಂಕಿಗೆ ಹೋಯಿತು. ಸಂಘದ ಯಂತ್ರದಲ್ಲಿ 474.9, ಡೈರಿಯಲ್ಲಿ 474.2. ಸಮಿತಿ ಈ ಹೊಂದಾಣಿಕೆಯಲ್ಲಿ ಚಾಲಕನ ಪ್ರಾಮಾಣಿಕತೆಯನ್ನು ಕಂಡಿತ್ತು, ಅದು ಸರಿಯೂ ಆಗಿತ್ತು. ಆದರೆ ಸಂಘದ ಪರದೆಯಲ್ಲಿ ಕಂಡದ್ದು ಲೀಟರ್, ಡೈರಿಯ ಚೀಟಿಯಲ್ಲಿದ್ದದ್ದು ಕಿಲೋ. 474.9 ಲೀಟರ್ ಹಾಲು ಡೈರಿಯಲ್ಲಿ 488 ಕಿಲೋ ತೂಗಬೇಕಿತ್ತು. ಲೀಟರ್ ಮತ್ತು ಕಿಲೋ ಒಂದೇ ಬಂದರೆ, ಆ ಪದಾರ್ಥ ಹಾಲಲ್ಲ, ನೀರು. ಇಲ್ಲವೆ ಲೀಟರ್ ಎಂದು ತೋರಿಸುತ್ತಿರುವುದು ಲೀಟರ್ ಅಲ್ಲ.

ಅವರು ಅದೇ 20 ಕಿಲೋದ ಬಟ್ಟನ್ನು ಮತ್ತೆ ತರಿಸಿ, ಈ ಸಲ ಪರದೆಯ ಗುಂಡಿ ಒತ್ತಿ ಎರಡೂ ಬಗೆಯಲ್ಲಿ ನೋಡಿದರು. ಕಿಲೋ ಬಗೆಯಲ್ಲಿ 20.00. ಲೀಟರ್ ಬಗೆಯಲ್ಲಿಯೂ 20.00. ಯಂತ್ರಕ್ಕೆ ತನ್ನ ಮೇಲಿರುವುದು ಕಬ್ಬಿಣವೋ ಹಾಲೋ ತಿಳಿಯುವುದಿಲ್ಲ. ತೂಕವನ್ನು ತನ್ನಲ್ಲಿರುವ ಸಾಂದ್ರತೆಯ ಅಂಕಿಯಿಂದ ಭಾಗಿಸಿ ಅದು ಲೀಟರ್ ತೋರಿಸುತ್ತದೆ. ಆ ಅಂಕಿ 1.028 ಆಗಿದ್ದಿದ್ದರೆ ಬಟ್ಟು ಲೀಟರ್ ಬಗೆಯಲ್ಲಿ 19.46 ಎಂದು ಕಾಣಬೇಕಿತ್ತು. 20.00 ಕಂಡಿತೆಂದರೆ ಒಳಗಿರುವ ಅಂಕಿ 1.000. ನಿರ್ದೇಶಕರ ಪರೀಕ್ಷೆಯಲ್ಲಿ ಯಂತ್ರವನ್ನು ನಿರ್ದೋಷಿಯೆಂದು ತೋರಿಸಿದ 20.00 ಎಂಬ ಅಂಕಿಯೇ, ಲೀಟರಿನ ಪರದೆಯಲ್ಲಿ ಕಂಡಾಗ ತಪ್ಪಿನ ಸಾಕ್ಷಿಯಾಯಿತು. ಸಾಮಾನ್ಯವಾಗಿ ತೂಕದ ಬಟ್ಟಿನಿಂದ ಪರೀಕ್ಷಿಸುವವರು ಕಿಲೋವನ್ನಷ್ಟೇ ನೋಡುತ್ತಾರೆ. ಮುದ್ರೆ ಹಾಕುವಾಗ ಪರಿಶೀಲಿಸಿದ್ದೂ ತೂಕವನ್ನೇ, ಮತ್ತು ತೂಕದಲ್ಲಿ ಯಂತ್ರ ಎಂದೂ ತಪ್ಪಿರಲಿಲ್ಲ.

ಅಂದರೆ ಸದಸ್ಯರು ಕೊಟ್ಟ ಹಾಲು 550 ಲೀಟರ್ ಆಗಿರಲೇ ಇಲ್ಲ. ಅದು 550 ಕಿಲೋ, ಸರಿಯಾಗಿ 535 ಲೀಟರ್. 550 ಕಿಲೋದಲ್ಲಿ 72 ಕಿಲೋ ಊರಿನಲ್ಲಿ ಮಾರಾಟವಾಗಿ 474.2 ಕಿಲೋ ಡೈರಿಗೆ ಹೋದರೆ ಉಳಿಯುವ ವ್ಯತ್ಯಾಸ 3.8 ಕಿಲೋ ಮಾತ್ರ. ಹಾಲು ಎಲ್ಲಿಗೂ ಹೋಗಿರಲಿಲ್ಲ. ಆ 15 ಲೀಟರ್ ಪುಸ್ತಕದಲ್ಲಿ ಮಾತ್ರ ಹುಟ್ಟಿದ್ದ ಹಾಲು. ಆದರೆ ಅದಕ್ಕೆ ಸಂಘ ಪ್ರತಿದಿನವೂ ಬೆಲೆ ಕೊಟ್ಟಿತ್ತು.

ಇದು ಎಂದಿನಿಂದ ಎಂಬುದಕ್ಕೆ ಉತ್ತರ ಜೂನ್ ತಿಂಗಳ ಪುಟಗಳಲ್ಲಿತ್ತು. ಮಳೆಗಾಲ ಹಿಡಿಯುವ ಹೊತ್ತಿನ ಸಿಡಿಲಿಗೆ ಯಂತ್ರದ ಬೋರ್ಡು ಸುಟ್ಟು, ಅದು ದುರಸ್ತಿಗೆ ಹೋಗಿದ್ದ ಒಂಬತ್ತು ದಿನ ಹಳೆಯ ಸ್ಟೀಲಿನ ಅಳತೆ ಪಾತ್ರೆಗಳಲ್ಲೇ ಹಾಲು ತೆಗೆದುಕೊಂಡಿದ್ದರು. ಆ ದಿನಗಳನ್ನು ಪರಿವರ್ತಿಸಿದಾಗ ಕೊರತೆ ನಾಲ್ಕು ಕಿಲೋಗಿಂತ ಹೆಚ್ಚಿರಲಿಲ್ಲ. ಮೇ ತಿಂಗಳಲ್ಲೂ ಅಷ್ಟೇ. ಹೊಸ ಬೋರ್ಡಿನೊಂದಿಗೆ ಯಂತ್ರ ಮರಳಿ ಬಂದು, ನಿಯಮದಂತೆ ಮತ್ತೆ ಮುದ್ರೆಯಾಗಿ, ಬಳಕೆಗೆ ಬಂದ ಮೊದಲ ದಿನದಿಂದಲೇ ಕೊರತೆ ಮೇಲಕ್ಕೆ ಜಿಗಿದಿತ್ತು. ಬೋರ್ಡು ಬದಲಾದಾಗ ಸಾಂದ್ರತೆಯ ಅಂಕಿ ಮೂಲಸ್ಥಿತಿಯಾದ 1.000ಕ್ಕೆ ಹೋಗಿತ್ತು, ಅದನ್ನು ಮತ್ತೆ ಹೊಂದಿಸಬೇಕೆಂಬುದು ದುರಸ್ತಿ ಮಾಡಿದವರಿಗೂ ಹೊಳೆದಿರಲಿಲ್ಲ, ಸಂಘದವರಿಗೂ ತಿಳಿದಿರಲಿಲ್ಲ.

ಹಿಂದಿನ ಕಾರ್ಯದರ್ಶಿಯ ಕಾಲದ 'ಹೆಚ್ಚು' ಏನೆಂಬುದೂ ಇದರೊಂದಿಗೆ ಬಗೆಹರಿಯಿತು. ಅಂದು 535 ಎಂದು ಬರೆದುಕೊಂಡು 70 ಕಳೆದರೆ 465. ಡೈರಿಯಿಂದ ಬರುತ್ತಿದ್ದದ್ದು 474. ಆ ಒಂಬತ್ತು, ಲೀಟರಿನಿಂದ ಕಿಲೋವನ್ನು ಕಳೆದುದರಿಂದ ಬಂದದ್ದೇ ಹೊರತು ಉಳಿತಾಯವಾಗಿರಲಿಲ್ಲ. ನಿವೃತ್ತಿ ಮತ್ತು ಸಿಡಿಲು ಒಂದರ ಬೆನ್ನಿಗೊಂದು ಬಂದದ್ದರಿಂದ, ಹೊಸಬರ ಅನನುಭವದ ಕಥೆ ಎಲ್ಲರಿಗೂ ಸುಲಭವಾಗಿ ಒಪ್ಪಿಗೆಯಾಗಿತ್ತು.

ತಿದ್ದುವಾಗ ಎದುರಾದದ್ದು

ಅಂಕಿಯನ್ನು ತಿದ್ದುವುದು ಗುಂಡಿಗಳ ಕೆಲಸ, ಐದು ನಿಮಿಷ ಸಾಕು. ಎಷ್ಟಕ್ಕೆ ತಿದ್ದಬೇಕೆಂಬುದರ ಮೇಲೆ ಮಾತ್ರ ಚರ್ಚೆ ನಡೆಯಿತು. ನಷ್ಟವಾಗಿದೆಯಲ್ಲ, 1.030 ಇಟ್ಟುಬಿಡೋಣ ಎಂದು ಒಬ್ಬ ನಿರ್ದೇಶಕರು ಹೇಳಿದರು. ಹಾಗೆ ಮಾಡಿದರೆ ಸದಸ್ಯರ ಹಾಲು ದಿನಕ್ಕೆ ಒಂದು ಲೀಟರಿನಷ್ಟು ಕಡಿಮೆ ಬರೆಯಲ್ಪಡುತ್ತದೆ, ಅದು ಈಗಿನದರ ತದ್ವಿರುದ್ಧವಾದ ತಪ್ಪಷ್ಟೇ ಎಂದು ಕಾರ್ಯದರ್ಶಿ ವಾದಿಸಿದರು. ಹಾಲು ಕರೆದು ನೊರೆ ಆರುವ ಮೊದಲೇ ಲ್ಯಾಕ್ಟೋಮೀಟರ್ ಬಿಟ್ಟರೆ ಅಂಕಿ ಕಡಿಮೆ ಬರುತ್ತದೆಂಬ ಕಾರಣಕ್ಕೆ, ಕ್ಯಾನಿನ ಮಿಶ್ರ ಹಾಲನ್ನು ಅರ್ಧ ಗಂಟೆ ಬಿಟ್ಟು, ಉಷ್ಣತೆ ನೋಡಿ, ಕೆಲವು ದಿನ ಮತ್ತೆ ಪರೀಕ್ಷಿಸಿದರು. ಅಂಕಿ 28ರಲ್ಲೇ ನಿಂತಿತು. 1.028 ನಿಗದಿಯಾಯಿತು.

ಮುಂದಿನ ಪ್ರಶ್ನೆ ಸದಸ್ಯರದ್ದು. ಎಂಟು ಲೀಟರ್ ಕೊಡುತ್ತಿದ್ದವರ ಹಾಲು ತಿದ್ದುಪಡಿಯ ಮರುದಿನ 7.78 ಎಂದು ಕಾಣುತ್ತದೆ. ಯಾರಿಗೂ ಹೇಳದೆ ತಿದ್ದಿದ್ದರೆ, ಒಂಬತ್ತು ತಿಂಗಳು ಸದಸ್ಯರ ಪರವಾಗಿ ತಪ್ಪಿದ್ದ ಯಂತ್ರ ಸರಿಯಾದ ದಿನವೇ ಕಳ್ಳಯಂತ್ರವೆನಿಸಿಕೊಳ್ಳುತ್ತಿತ್ತು. ಆದುದರಿಂದ ಹೊಸ ಬಿಲ್ಲಿನ ಅವಧಿ ಆರಂಭವಾಗುವ ದಿನವನ್ನು ಆರಿಸಿಕೊಂಡು, ಮೊದಲೇ ನೋಟೀಸು ಹಾಕಿ, ಬೆಳಗಿನ ಹಾಲಿನ ಹೊತ್ತಿಗೆ ಎಲ್ಲರೆದುರು ಪ್ರಯೋಗ ಮಾಡಿದರು. ಆದರೂ ಹಿರಿಯ ಸದಸ್ಯೆಯೊಬ್ಬರು, "ನಿನ್ನೆವರೆಗೆ ಎಂಟು ಇದ್ದದ್ದು ಇವತ್ತು ಏಳೂಮುಕ್ಕಾಲು ಆದದ್ದು ಹೇಗೆ ಮಾರಾಯ್ತಿ? ನನ್ನ ದನವೂ ಅದೇ, ಪಾತ್ರೆಯೂ ಅದೇ" ಎಂದು ಕೇಳಿಯೇ ಕೇಳಿದರು. ಕಾರ್ಯದರ್ಶಿ ಅವರದೇ ಹಾಲನ್ನು ಮುದ್ರೆಯ ಲೀಟರ್ ಪಾತ್ರೆಯಲ್ಲಿ, ನೊರೆ ಇಳಿದ ಮೇಲೆ, ಐದು ಸಲ ಅಳೆದು ಯಂತ್ರಕ್ಕೆ ಸುರಿದರು. ಕಿಲೋ ಪರದೆಯಲ್ಲಿ 5.14, ಲೀಟರ್ ಪರದೆಯಲ್ಲಿ 5.00 ಬಂತು. "ಹಾಗಾದರೆ ಇಷ್ಟು ದಿನ ನಮಗೆ ಹೆಚ್ಚು ಕೊಟ್ಟದ್ದಾ?" ಎಂದು ಆಕೆ ಕೇಳಿದರು. ಹೌದು ಎಂದು ಕಾರ್ಯದರ್ಶಿ ಸಭೆಗೆ ಕೇಳುವಂತೆ ಹೇಳಿದರು.

ಹೆಚ್ಚು ಕೊಟ್ಟದ್ದನ್ನು ಏನು ಮಾಡುವುದೆಂಬುದು ಸುಲಭವಾಗಿರಲಿಲ್ಲ. ಸರಾಸರಿ ದರ ಲೀಟರಿಗೆ 42 ರೂ. ಎಂದು ಹಿಡಿದರೆ ದಿನಕ್ಕೆ 600 ರೂ. ಮೀರಿ, ಒಂಬತ್ತು ತಿಂಗಳಿಗೆ ಒಂದೂವರೆ ಲಕ್ಷಕ್ಕಿಂತ ಹೆಚ್ಚು. ಸಣ್ಣ ಸಂಘಕ್ಕೆ ಅದು ವರ್ಷದ ಉಳಿತಾಯದ ದೊಡ್ಡ ಪಾಲು. ಪ್ರತಿ ಬಿಲ್ಲಿನಿಂದ ಕಡಿತ ಮಾಡುವ ಸಲಹೆಯನ್ನು ಕಾರ್ಯದರ್ಶಿ ಬೆಂಬಲಿಸಲಿಲ್ಲ. ವರ್ಷದ ಕೊನೆಗೆ ಕೊಡುವ ಬೋನಸ್ಸನ್ನು ಹೇಗೂ ಕೊಟ್ಟ ಹಾಲಿನ ಪ್ರಮಾಣಕ್ಕೆ ತಕ್ಕಂತೆ ಹಂಚುವುದರಿಂದ, ನಷ್ಟವನ್ನು ಅಲ್ಲಿಯೇ ಹಿಡಿದರೆ ಹೆಚ್ಚು ಪಡೆದವರು ಹೆಚ್ಚು ಬಿಟ್ಟುಕೊಟ್ಟಂತಾಗುತ್ತದೆ ಎಂಬುದು ಅವರ ಲೆಕ್ಕ. ಮಹಾಸಭೆ ಇದನ್ನು ಒಪ್ಪಿತು. ನಡುವೆ ದನ ಮಾರಿ ಹಾಲು ನಿಲ್ಲಿಸಿದ ಕೆಲವರಿಗೆ ಇದು ತಟ್ಟಲಿಲ್ಲ. ಅಷ್ಟು ಅಸಮಾನತೆಯನ್ನು ಸಭೆ ತಿಳಿದೇ ಬಿಟ್ಟುಬಿಟ್ಟಿತು.

ಆದರೆ ಪಂಚಾಯತಿನ ಯೋಜನಾ ನಿಧಿಯಿಂದ ಲೀಟರಿಗೆ ಇಂತಿಷ್ಟೆಂದು ಸದಸ್ಯರಿಗೆ ಸಬ್ಸಿಡಿಯೂ ಬಂದಿತ್ತು, ಅದನ್ನೂ ಇದೇ ಲೀಟರುಗಳ ಆಧಾರದಲ್ಲಿ ಪಡೆಯಲಾಗಿತ್ತು. ಮೊತ್ತ ದೊಡ್ಡದಲ್ಲ, ಸುಮ್ಮನಿರೋಣ ಎಂದವರೂ ಇದ್ದರು. ಇದು ಸಂಘದ ಹಣವಲ್ಲ, ಸಂಘದೊಳಗೆ ತೀರ್ಮಾನಿಸಲು ನಮಗೆ ಅಧಿಕಾರವಿಲ್ಲ ಎಂದು ಕಾರ್ಯದರ್ಶಿ ಪಟ್ಟು ಹಿಡಿದರು. ಪರಿವರ್ತಿತ ಪಟ್ಟಿ, ದುರಸ್ತಿಯ ಬಿಲ್ಲು ಮತ್ತು ಬಟ್ಟಿನ ಪರೀಕ್ಷೆಯ ಮಹಜರನ್ನು ಲಗತ್ತಿಸಿ ಪಂಚಾಯತಿಗೂ ಬ್ಲಾಕಿನ ಕ್ಷೀರ ವಿಕಸನ ಕಚೇರಿಗೂ ಪತ್ರ ಹೋಯಿತು. ಮುಂದಿನ ಕಂತಿನಲ್ಲಿ ಹೊಂದಿಸಿಕೊಳ್ಳುವಂತೆ ಉತ್ತರ ಬಂತು. ಲೆಕ್ಕಪರಿಶೋಧಕರ ವರದಿಯಲ್ಲಿ ಇದು ಆಕ್ಷೇಪವಾಗಿ ಬರದೆ, ಸಂಘವೇ ಪತ್ತೆಹಚ್ಚಿ ತಿಳಿಸಿದ ಅಂಶವಾಗಿ ನಮೂದಾದದ್ದು ಈ ಪತ್ರದ ಫಲ.

ಹಿರಿಯ ನೌಕರರನ್ನು ಮತ್ತೆ ಯಂತ್ರದ ಬಳಿಗೆ ಕರೆದರು. ಅಧ್ಯಕ್ಷರು ಬೆಳಗಿನ ಸಾಲಿನ ಮುಂದೆಯೇ, "ಅಣ್ಣ, ತಪ್ಪು ನಮ್ಮದು" ಎಂದರು. ಅವರು ಬಂದರು, ಆದರೆ ತಾವು ಅಳೆಯುವುದಕ್ಕೆ ಮೊದಲು ಪ್ರತಿದಿನ ಬಟ್ಟನ್ನಿಟ್ಟು ಎರಡೂ ಪರದೆಗಳ ಅಂಕಿಯನ್ನು ಬರೆದು, ಹಾಜರಿರುವ ಸದಸ್ಯರೊಬ್ಬರ ಸಹಿ ಪಡೆಯಬೇಕೆಂದು ಕೇಳಿದರು. ಸಂಘ ಒಂದು ಬಟ್ಟನ್ನು ಕೊಂಡುಕೊಂಡಿತು. ಕಿಲೋದಲ್ಲಿ 20.00, ಲೀಟರಿನಲ್ಲಿ 19.46 ಎಂಬ ನಮೂದಿನಿಂದ ಈಗ ಅಲ್ಲಿ ಪ್ರತಿ ಹೊತ್ತಿನ ಪುಟ ಆರಂಭವಾಗುತ್ತದೆ.

ಉಳಿದ ಮೂರು ಮುಕ್ಕಾಲು ಕಿಲೋ, ಮತ್ತು ಈ ಪಟ್ಟಿಯ ಮಿತಿ

ಇನ್ನೂ ಉಳಿದಿದ್ದ 3.8 ಕಿಲೋವನ್ನೂ ಕಾರ್ಯದರ್ಶಿ ಬಿಡಲಿಲ್ಲ. ದಿನಕ್ಕೆ 110ಕ್ಕೂ ಹೆಚ್ಚು ಮಾದರಿಗಳು, ಪ್ರತಿಯೊಂದೂ 25 ಮಿಲಿಲೀಟರಿನಷ್ಟು, ತೂಕವಾದ ನಂತರ ತೆಗೆಯುವಂಥದ್ದು, ಅದೇ 2.8 ಕಿಲೋ ಆಗುತ್ತದೆ. ಪಟ್ಟಿಯ ಗೆರೆಯನ್ನು ಹಿಂದಕ್ಕೆಳೆದಾಗ ಕಂಡ, ಹಾಲಿನೊಂದಿಗೆ ಏರದ ಭಾಗದಲ್ಲಿ ಹೆಚ್ಚಿನ ಪಾಲು ಇದೇ. ಮಾದರಿ ಹಾಲಿಗೆ ಈಗ ಪ್ರತ್ಯೇಕ ಕಲಮಿದೆ. ಮಿಕ್ಕ ಒಂದು ಕಿಲೋ ಕ್ಯಾನಿನ ತಳದಲ್ಲಿ, ಬಕೆಟಿನ ಅಂಚಿನಲ್ಲಿ ಉಳಿಯುವುದು. ಇದು ಎರಡು ಕಿಲೋ ಮೀರಿದ ದಿನ ಮಾತ್ರ ಕಾರಣ ಹುಡುಕಬೇಕೆಂದು ಮಿತಿ ಹಾಕಿಕೊಂಡಿದ್ದಾರೆ.

ಇಂತಹ ಪಟ್ಟಿಯಿಂದ ಎಲ್ಲವೂ ತಿಳಿಯುತ್ತದೆಂದು ಬೇರೆ ಸಂಘದವರು ಭಾವಿಸಬಾರದೆಂದು ಒಂದು ಮಾತು ಸೇರಿಸುತ್ತೇನೆ. ಯಾರಾದರೂ ಕ್ಯಾನಿನಿಂದ ಹತ್ತು ಲೀಟರ್ ಹಾಲು ತೆಗೆದು ಹತ್ತು ಲೀಟರ್ ನೀರು ಹಾಕಿದರೆ, ತೂಕದ ಪಟ್ಟಿಯಲ್ಲಿ ಕಾಣುವ ಕೊರತೆ 300 ಗ್ರಾಮಿಗಿಂತ ಕಡಿಮೆ. ಅದು ಮಾದರಿ ಹಾಲಿನ ಸಣ್ಣ ಏರುಪೇರಿನಲ್ಲೇ ಮುಚ್ಚಿಹೋಗುತ್ತದೆ. ಅದನ್ನು ಹಿಡಿಯಲು ಹಾಲಿನ ಕಿಲೋ ಸಾಲದು, ಫ್ಯಾಟಿನ ಕಿಲೋ ಬೇಕು: ಪ್ರತಿ ಸದಸ್ಯರ ಹಾಲಿನ ತೂಕವನ್ನು ಅವರವರ ಫ್ಯಾಟ್ ಶೇಕಡಾದಿಂದ ಗುಣಿಸಿ ಕೂಡಿಸಿದ ಮೊತ್ತದಿಂದ ಸ್ಥಳೀಯ ಮಾರಾಟದ ಮತ್ತು ಮಾದರಿಯ ಪಾಲನ್ನು ಕಳೆದು, ಉಳಿದದ್ದನ್ನು ಡೈರಿಯ ಚೀಟಿಯ ಫ್ಯಾಟಿನ ಕಿಲೋದ ಜೊತೆ ಹೋಲಿಸಬೇಕು. 550 ಕಿಲೋ ಹಾಲಿನಲ್ಲಿ ಶೇಕಡಾ 3.9ರ ಫ್ಯಾಟ್ ಇದ್ದರೆ ಅದು 21.5 ಕಿಲೋ ಆಗುತ್ತದೆ. ಮೇಲೆ ಹೇಳಿದ ನೀರಿನ ಬದಲಾವಣೆಯಲ್ಲಿ ಅದರಿಂದ 400 ಗ್ರಾಂ ಕಾಣೆಯಾಗುತ್ತದೆ. ಸಂಘದ ಪರೀಕ್ಷೆಗೂ ಡೈರಿಯ ಪರೀಕ್ಷೆಗೂ ನಡುವೆ ಶೇಕಡಾ 0.1ರ ವ್ಯತ್ಯಾಸ ಬಂದರೂ ಡೈರಿಗೆ ಹೋದ ಹಾಲಿನಲ್ಲಿ ಅದು 470 ಗ್ರಾಮಿನಷ್ಟಾಗುವುದರಿಂದ ಒಂದು ದಿನದ ಲೆಕ್ಕದಿಂದ ಏನೂ ತೀರ್ಮಾನಿಸಲಾಗದು, ತಿಂಗಳ ಲೆಕ್ಕವನ್ನೇ ನೋಡಬೇಕು. ಈ ಸಂಘದಲ್ಲಿ ಏಪ್ರಿಲಿನಿಂದ ಆ ಎರಡನೆಯ ಪಟ್ಟಿಯನ್ನೂ ಬರೆಯಲು ಆರಂಭಿಸಿದ್ದಾರೆ.